ಕೆಲಸ ಒಪ್ಪಿಕೊಂಡು, ಸೇರುವ ದಿನ ಮುಂದಕ್ಕೆ ಕೇಳುವ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಮಣಿಪಾಲದ ಒಂದು ಕಚೇರಿಯಲ್ಲಿ ಹಲವು ವರ್ಷ ನೇಮಕಾತಿ ವಿಭಾಗದಲ್ಲಿದ್ದೆ. ಇಂಥ ಪತ್ರಗಳನ್ನು ಮೇಜಿನ ಆ ಕಡೆ ಕೂತು ಓದಿದವನು ನಾನು. ಈಗ ಪರಿಚಯದವರ ಮಕ್ಕಳು ಪತ್ರ ಬರೆಯುವ ಮೊದಲು ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಖಾಸಗಿ ಕೆಲಸದಿಂದ ಇನ್ನೊಂದು ಖಾಸಗಿ ಅಥವಾ ಸಹಕಾರಿ ಸಂಸ್ಥೆಗೆ ಹೋಗುವವರು, ನೋಟಿಸ್ ಅವಧಿ ಇರುವವರು, ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಉದಾಹರಣೆಗೆ ಒಬ್ಬಳೇ ಹುಡುಗಿಯ ಕಥೆ ಉದ್ದಕ್ಕೂ ಬರುತ್ತದೆ. ಸ್ನೇಹಿತರ ಮಗಳು. ಮಂಗಳೂರಿನ ಹಂಪನಕಟ್ಟೆಯ ಒಂದು ಕಚೇರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. ಉಡುಪಿಯ ಒಂದು ಸಹಕಾರಿ ಸಂಘದಿಂದ 2026ರ ಜೂನ್ 8ರಂದು ಅವಳಿಗೆ ಆಫರ್ ಬಂತು. ಜುಲೈ 1ಕ್ಕೆ ಸೇರಬೇಕು, ಜೂನ್ 13ರ ಒಳಗೆ ಉತ್ತರ ಕೊಡಬೇಕು ಅಂತ ಅದರಲ್ಲಿತ್ತು. ಅವಳ ನೋಟಿಸ್ ಅವಧಿ 60 ದಿನ.

## ಶುರುವಿನ ಪ್ರಶ್ನೆಗಳು

ದಿನ ಮುಂದೆ ಹಾಕಿ ಅಂತ ಕೇಳಿದ್ರೆ ಸಿಕ್ಕಿದ ಕೆಲಸವೇ ಹೋಗ್ತದಾ?

ಕೇಳಿದ್ದಕ್ಕೇ ಹೋಗುವುದು ಅಪರೂಪ. ಬೇರೆ ಕಡೆ ಕೆಲಸದಲ್ಲಿರುವವರನ್ನು ಆರಿಸುವಾಗ ನೋಟಿಸ್ ಅವಧಿ ಇರುತ್ತದೆ ಅಂತ ಅವರಿಗೂ ಗೊತ್ತು. ಆಫರ್ ಪತ್ರದಲ್ಲಿರುವ ದಿನ ಎಷ್ಟೋ ಸಲ ಮುಂದಿನ ತಿಂಗಳ ಒಂದನೇ ತಾರೀಕು. ಸಂಬಳದ ಲೆಕ್ಕಕ್ಕೆ ಸುಲಭ ಅಂತ ಸುಮ್ನೆ ಹಾಕಿದ್ದು.

ಆದರೆ ಒಂದು ಕೆಲಸ ಮಾಡಿ. ಸಂದರ್ಶನದಲ್ಲಿ "ಯಾವಾಗ ಸೇರ್ತೀರಿ?" ಅಂತ ಕೇಳಿದಾಗ ನೀವು ಏನು ಹೇಳಿದ್ರಿ, ನೆನಪು ಮಾಡಿಕೊಳ್ಳಿ. ಆಗ "ಹದಿನೈದು ದಿನ ಸಾಕು" ಅಂದು ಈಗ ಎರಡು ತಿಂಗಳು ಕೇಳಿದರೆ ಅವರಿಗೆ ಸಿಟ್ಟು ಬರುವುದು ನ್ಯಾಯವೇ. ಹಾಗೆ ಆಗಿದ್ದರೆ ಪತ್ರದಲ್ಲಿ ಅದನ್ನು ಮುಚ್ಚಬೇಡಿ. "ಸಂದರ್ಶನದ ದಿನ ನಾನು ಹೇಳಿದ್ದು ತಪ್ಪಾಗಿತ್ತು, ನೇಮಕಾತಿ ಪತ್ರ ತೆಗೆದು ನೋಡಿದಾಗ 60 ದಿನ ಅಂತ ಇದೆ" ಎಂದು ಒಂದು ಸಾಲು ಬರೆಯಿರಿ. ಅವರ ಫೈಲಿನಲ್ಲಿ ನಿಮ್ಮ ಮಾತು ಬರೆದಿಟ್ಟಿರುತ್ತಾರೆ.

ಫೋನ್‌ನಲ್ಲಿ ಹೇಳಿದ್ರೆ ಸಾಕಲ್ವಾ? ಪತ್ರ ಯಾಕೆ?

ಎರಡೂ ಬೇಕು, ಫೋನ್ ಮೊದಲು. ಐದು ನಿಮಿಷದ ಮಾತಿನಲ್ಲಿ ಅವರಿಗೆ ಎಷ್ಟು ಅವಸರ ಇದೆ ಅಂತ ತಿಳಿಯುತ್ತದೆ. ಆ ಹುಡುಗಿ ಫೋನ್ ಮಾಡಿದಾಗ ಸಂಘದವರು, "ಸೆಪ್ಟೆಂಬರ್‌ಗೆ ಹೋಗಬಾರದು, ಅಷ್ಟೇ. ಒಂದು ಮೇಲ್ ಹಾಕಿಬಿಡಿ" ಅಂದರು. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಇನ್ನರ್ಧ ಕಾಗದದ್ದು. ಫೋನ್‌ನಲ್ಲಿ ಒಪ್ಪಿದವರು ನಾಳೆ ರಜೆಯಲ್ಲಿರಬಹುದು, ಬೇರೆ ಶಾಖೆಗೆ ಹೋಗಬಹುದು. ಜುಲೈ 1ರಂದು ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಖಾಲಿ ಕಂಡಾಗ ಉತ್ತರ ಕೊಡುವುದು ಫೈಲಿನಲ್ಲಿರುವ ಕಾಗದ ಮಾತ್ರ.

ಒಪ್ಪಿಗೆಗೆ ಒಂದು ಪತ್ರ, ದಿನ ಕೇಳಲಿಕ್ಕೆ ಇನ್ನೊಂದು ಬರೀಬೇಕಾ?

ಬೇಡ, ಒಂದೇ ಪತ್ರ. ಆದರೆ ಒಳಗೆ ಎರಡೂ ಬೇರೆ ಬೇರೆ ಪ್ಯಾರಾದಲ್ಲಿ ಇರಲಿ. ಇದು ಬರೀ ಚಂದಕ್ಕೆ ಅಲ್ಲ. 1872ರ ಭಾರತೀಯ ಕರಾರು ಕಾಯಿದೆಯ 7ನೇ ಕಲಮಿನ ಪ್ರಕಾರ ಒಪ್ಪಿಗೆ ಪೂರ್ತಿಯಾಗಿರಬೇಕು, ಷರತ್ತು ಇರಬಾರದು. "ಆಗಸ್ಟ್ 17 ಆದರೆ ಮಾತ್ರ ಸೇರುತ್ತೇನೆ" ಅಂತ ಬರೆದರೆ ಕಾಯಿದೆಯ ಕಣ್ಣಿಗೆ ಅದು ಒಪ್ಪಿಗೆಯೇ ಅಲ್ಲ. ಅವರ ಆಫರ್ ಬದಿಗಿಟ್ಟು ನೀವು ಹೊಸದೊಂದು ಆಫರ್ ಮುಂದಿಟ್ಟ ಹಾಗೆ. ಅವರು ಅದಕ್ಕೆ ಹೂಂ ಅನ್ನಬಹುದು, ಉಹೂಂ ಅನ್ನಬಹುದು, ಏನೂ ಹೇಳದೆ ಇನ್ನೊಬ್ಬರನ್ನು ಕರೆಯಲೂಬಹುದು.

ಹಾಗಾಗಿ ಬರೆಯುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಅವರು ಹೇಳಿದ ದಿನ ಸೇರುವುದು ಕಷ್ಟವಾ, ಸಾಧ್ಯವೇ ಇಲ್ವಾ?

ಕಷ್ಟ ಅಷ್ಟೇ ಅಂತಾದರೆ ಪೂರ್ತಿ ಒಪ್ಪಿಕೊಳ್ಳಿ. ಆಮೇಲೆ ದಿನ ಕೇಳಿ, "ಸಾಧ್ಯವಾಗದಿದ್ದರೆ ನೀವು ಹೇಳಿದ ದಿನವೇ ಬರುತ್ತೇನೆ" ಅಂತ ಸೇರಿಸಿ. ಇದರಲ್ಲಿ ನಿಮಗೆ ಅಪಾಯವೇ ಇಲ್ಲ.

ಸಾಧ್ಯವೇ ಇಲ್ಲ ಅಂತಾದರೆ ಆ ಸಾಲು ಬರೆಯಬೇಡಿ. ಒಳ್ಳೆಯವನಾಗಿ ಕಾಣಲು ಬರೆದು ಆಮೇಲೆ ಬಾರದೆ ಇರುವುದು ಎಲ್ಲಕ್ಕಿಂತ ಕೆಟ್ಟದ್ದು. ಹುದ್ದೆ, ಸಂಬಳ, ಉಳಿದ ನಿಯಮ ಎಲ್ಲ ಒಪ್ಪಿದ್ದೇನೆ, ದಿನ ಒಂದು ಬದಲಾಗಬೇಕು ಅಂತ ನೇರವಾಗಿ ಹೇಳಿ. ಆಗ ಅವರ ಲಿಖಿತ ಉತ್ತರ ಬರುವ ತನಕ ವಿಷಯ ಮುಗಿದಿಲ್ಲ ಅಂತಲೇ ತಿಳಿಯಬೇಕು. ಹಂಪನಕಟ್ಟೆಯ ಹುಡುಗಿಯದ್ದು ಈ ಎರಡನೇ ಥರದ್ದು.

## ದಿನದ ಲೆಕ್ಕ

ಯಾವ ದಿನ ಅಂತ ಕೇಳುವುದು? "ಆಗಸ್ಟ್‌ನಲ್ಲಿ ಯಾವಾಗ ಆದ್ರೂ" ಅಂದ್ರೆ ಆಗುದಿಲ್ವಾ?

ಆಗುವುದಿಲ್ಲ. ಒಂದು ತಾರೀಕು ಬೇಕು. ಅವರು ಆ ದಿನಕ್ಕೆ ಮೇಜು, ಲಾಗಿನ್, ಕೆಲಸ ಕಲಿಸುವವರು ಎಲ್ಲ ಹೊಂದಿಸಬೇಕಲ್ವಾ?

ತಾರೀಕು ಹೇಗೆ ಬರುತ್ತದೆ ನೋಡಿ. ಮೊದಲು ಹಳೆಯ ನೇಮಕಾತಿ ಪತ್ರ ತೆಗೆದು ನೋಟಿಸ್ ಬಗ್ಗೆ ಇರುವ ಸಾಲು ಓದಿ. ನೆನಪಿನಿಂದ ಹೇಳಬೇಡಿ. ಪ್ರೊಬೇಷನ್‌ನಲ್ಲಿ 30 ದಿನ ಇದ್ದದ್ದು ಕಾಯಂ ಆದ ಮೇಲೆ 60 ಆಗಿರಬಹುದು. "60 ದಿನ" ಮತ್ತು "ಎರಡು ತಿಂಗಳು" ಕೂಡ ಒಂದೇ ಅಲ್ಲ, ಒಂದೆರಡು ದಿನ ಆಚೀಚೆ ಆಗುತ್ತದೆ. ರಾಜೀನಾಮೆ ಕೊಟ್ಟ ದಿನವೂ ಲೆಕ್ಕಕ್ಕೆ ಸೇರುತ್ತದಾ ಅನ್ನುವುದು ಕಚೇರಿಯಿಂದ ಕಚೇರಿಗೆ ಬೇರೆ. ಗೊತ್ತಿಲ್ಲದಿದ್ದರೆ ಮರುದಿನದಿಂದ ಎಣಿಸಿ.

ಅವಳು ಜೂನ್ 10ರಂದು ರಾಜೀನಾಮೆ ಕೊಡುತ್ತೇನೆ ಅಂತ ಲೆಕ್ಕ ಹಾಕಿದಳು. ಜೂನ್ 11ರಿಂದ 30ರ ತನಕ 20 ದಿನ. ಜುಲೈ ಪೂರ್ತಿ 31, ಒಟ್ಟು 51. ಇನ್ನು 9 ಬೇಕು. ಅಂದರೆ ಕೊನೆಯ ದಿನ ಆಗಸ್ಟ್ 9, ಭಾನುವಾರ. ಮರುದಿನ ಸೋಮವಾರ 10ಕ್ಕೆ ಸೇರುತ್ತೇನೆ ಅಂತ ಬರೆಯಲು ಹೊರಟಿದ್ದಳು.

ನಾನು ಬೇಡ ಅಂದೆ. ಕೊನೆಯ ದಿನಕ್ಕೂ ಹೊಸ ದಿನಕ್ಕೂ ನಡುವೆ ಒಂದು ವಾರ ಬಿಡಬೇಕು. ರಿಲೀವಿಂಗ್ ಪತ್ರಕ್ಕೆ ಸಹಿ ಹಾಕುವವರು ಆ ದಿನ ಊರಲ್ಲೇ ಇಲ್ಲದಿರಬಹುದು. ಬದಲಿಗೆ ಬಂದವರಿಗೆ ಕೆಲಸ ದಾಟಿಸುವುದು ಎರಡು ದಿನ ಎಳೆಯಬಹುದು. ಅವಳಿಗೆ ಮನೆಯನ್ನೂ ಬದಲಿಸಬೇಕಿತ್ತು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಉಡುಪಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುವುದು, ಅದೂ ಆ ಮಳೆಯಲ್ಲಿ, ಒಂದು ತಿಂಗಳಿಗೇ ಸಾಕಾಗುತ್ತದೆ. ಕೊನೆಗೆ ಆಗಸ್ಟ್ 17, ಸೋಮವಾರ ಅಂತ ಆಯಿತು.

ರಾಜೀನಾಮೆ ಮೊದಲು ಕೊಡುವುದಾ, ಈ ಪತ್ರ ಮೊದಲು ಕೊಡುವುದಾ?

ಈ ಪತ್ರ ಮೊದಲು. ಹೊಸ ದಿನಕ್ಕೆ ಲಿಖಿತ ಒಪ್ಪಿಗೆ ಬಂದ ಮೇಲೆ ರಾಜೀನಾಮೆ. ಉಲ್ಟಾ ಮಾಡಿದರೆ, ಅವರು "ಆಗುವುದಿಲ್ಲ" ಅಂದ ದಿನ ಎರಡೂ ಕೆಲಸ ಇಲ್ಲ.

ಇದರಲ್ಲಿ ಒಂದು ತೊಡಕಿದೆ. ರಾಜೀನಾಮೆ ಕೊಡುವ ತನಕ ನೋಟಿಸ್ ದಿನ ಓಡುವುದಿಲ್ಲ. ಅವರು ಉತ್ತರ ಕೊಡಲು ತಡ ಮಾಡಿದಷ್ಟೂ ನಿಮ್ಮ ಕೊನೆಯ ದಿನ ಮುಂದೆ ಹೋಗುತ್ತದೆ. ಅವಳಿಗೂ ಹಾಗೇ ಆಯಿತು. ಪತ್ರ ಜೂನ್ 9ಕ್ಕೆ ಹೋಯಿತು, ಒಪ್ಪಿಗೆ ಬಂದದ್ದು 12ರಂದು. ಅದೇ ದಿನ ಸಂಜೆ ರಾಜೀನಾಮೆ ಕೊಟ್ಟಳು. ಕೊನೆಯ ದಿನ ಆಗಸ್ಟ್ 9ರಿಂದ 11ಕ್ಕೆ ಹೋಯಿತು. 10ಕ್ಕೆ ಸೇರುತ್ತೇನೆ ಅಂತ ಬರೆದಿದ್ದರೆ ಮೊದಲ ವಾರವೇ ಮಾತು ತಪ್ಪಬೇಕಿತ್ತು. ನಡುವೆ ಬಿಟ್ಟ ವಾರ ಆ ಎರಡು ದಿನವನ್ನು ನುಂಗಿತು.

ಪತ್ರದಲ್ಲಿ "ಜೂನ್ 12ರ ಒಳಗೆ ತಿಳಿಸಿದರೆ ಅನುಕೂಲ" ಅಂತ ಒಂದು ಸಾಲು ಹಾಕಿದ್ದಕ್ಕೇ ಉತ್ತರ ಅಷ್ಟು ಬೇಗ ಬಂತು ಅಂತ ನನ್ನ ಅಂದಾಜು.

## ಪತ್ರ ಬರೆಯುವಾಗ

ಒಂದು ಮಾದರಿ ಕೊಡಿ, ಹೆಸರು ಬದಲಿಸಿ ಕಳಿಸ್ತೇನೆ.

ಅವಳು ಕಳಿಸಿದ್ದನ್ನೇ ಕೊಡುತ್ತೇನೆ. ಹೆಸರುಗಳನ್ನು ಮಾತ್ರ ತೆಗೆದಿದ್ದೇನೆ.

> ವಿಷಯ: ಲೆಕ್ಕಿಗರ ಹುದ್ದೆಗೆ ಒಪ್ಪಿಗೆ ಮತ್ತು ಸೇರುವ ದಿನದ ಬಗ್ಗೆ ಕೋರಿಕೆ
>
> ಮಾನ್ಯರೇ,
>
> ದಿನಾಂಕ 08-06-2026ರ ನಿಮ್ಮ ಪತ್ರ ತಲುಪಿದೆ. ಲೆಕ್ಕಿಗರ ಹುದ್ದೆಗೆ ನನ್ನನ್ನು ಆರಿಸಿದ್ದಕ್ಕೆ ಧನ್ಯವಾದಗಳು. ಹುದ್ದೆಯನ್ನು, ಪತ್ರದಲ್ಲಿ ತಿಳಿಸಿದ ವೇತನ ಮತ್ತು ಉಳಿದ ನಿಯಮಗಳನ್ನು ಒಪ್ಪಿಕೊಂಡಿದ್ದೇನೆ. ಸಹಿ ಮಾಡಿದ ಪ್ರತಿಯನ್ನು ಇದರೊಂದಿಗೆ ಕಳುಹಿಸಿದ್ದೇನೆ.
>
> ಸೇರುವ ದಿನದ ಬಗ್ಗೆ ಮಾತ್ರ ಒಂದು ಕೋರಿಕೆ ಇದೆ. ಈಗಿನ ಕೆಲಸದಲ್ಲಿ ನನಗೆ 60 ದಿನಗಳ ನೋಟಿಸ್ ಅವಧಿ ಇರುವುದರಿಂದ ಜುಲೈ 1ಕ್ಕೆ ಬಿಡುಗಡೆ ಸಿಗುವುದಿಲ್ಲ. ನಿಮ್ಮ ಒಪ್ಪಿಗೆ ಬಂದ ದಿನವೇ ರಾಜೀನಾಮೆ ಕೊಡುತ್ತೇನೆ. ನೋಟಿಸ್ ಮುಗಿಸಿ, ವಾಸವನ್ನು ಮಂಗಳೂರಿನಿಂದ ಉಡುಪಿಗೆ ಬದಲಿಸಿ, 2026ರ ಆಗಸ್ಟ್ 17, ಸೋಮವಾರದಂದು ಕೆಲಸಕ್ಕೆ ಹಾಜರಾಗಲು ಅವಕಾಶ ಕೊಡಬೇಕಾಗಿ ವಿನಂತಿ.
>
> ಜೂನ್ 12ರ ಒಳಗೆ ನಿಮ್ಮ ನಿರ್ಧಾರ ತಿಳಿಸಿದರೆ ಅನುಕೂಲವಾಗುತ್ತದೆ. ಈ ನಡುವೆ ದಾಖಲೆಗಳ ಪರಿಶೀಲನೆಗೆ ಯಾವುದಾದರೂ ಶನಿವಾರ ಮಧ್ಯಾಹ್ನದ ಮೇಲೆ ಕಚೇರಿಗೆ ಬರಬಲ್ಲೆ.
>
> ಇತಿ,
> (ಹೆಸರು, ಮೊಬೈಲ್ ಸಂಖ್ಯೆ)

ಹೆಸರು ಬದಲಿಸಿ ಕಳಿಸುವುದಾದರೆ ಎರಡು ಜಾಗ ಮಾತ್ರ ನೋಡಿಕೊಳ್ಳಿ. "ಜುಲೈ 1ಕ್ಕೆ ಬಿಡುಗಡೆ ಸಿಗುವುದಿಲ್ಲ" ಅನ್ನುವ ಸಾಲು ನಿಮಗೆ ನಿಜವಾ? ನೋಟಿಸ್ ಅವಧಿಯ ದುಡ್ಡು ಕಟ್ಟಿ ಬಿಡುಗಡೆ ಪಡೆಯಬಹುದು ಅಂತಿದ್ದರೆ "ಬಿಡುಗಡೆ ಸಿಗುವುದು ಕಷ್ಟ" ಅನ್ನಿ. ಕೊನೆಯ ಸಾಲನ್ನೂ ನೋಡಿ. ಶನಿವಾರ ಬರುತ್ತೇನೆ ಅಂದಮೇಲೆ ಬರಬೇಕು. ಆ ಸಾಲಿನಿಂದ ಲಾಭ ಇದೆ. ಎರಡು ತಿಂಗಳು ಕಾಯುವವರಿಗೆ ಇರುವ ಹೆದರಿಕೆ ಒಂದೇ, ಈ ಮನುಷ್ಯ ಬೇರೆ ಕಡೆ ಹೋಗಿಬಿಟ್ಟರೆ ಅಂತ. ನಡುವೆ ಒಂದು ಸಲ ಮುಖ ಕಂಡರೆ ಆ ಹೆದರಿಕೆ ಅರ್ಧ ಹೋಗುತ್ತದೆ.

ಆಫರ್ ಪತ್ರದ ಕೆಳಗೆ "ಜುಲೈ 1ರಂದು ಸೇರುತ್ತೇನೆ" ಅಂತ ಮೊದಲೇ ಅಚ್ಚಾಗಿದೆ. ಅದಕ್ಕೆ ಸಹಿ ಹಾಕಿದ್ರೆ ಸಿಕ್ಕಿ ಬೀಳ್ತೇನಾ?

ಒಳ್ಳೆಯ ಪ್ರಶ್ನೆ, ತುಂಬಾ ಜನ ಇದನ್ನು ಗಮನಿಸುವುದೇ ಇಲ್ಲ. ಪತ್ರದಲ್ಲಿ ಆಗಸ್ಟ್ 17 ಕೇಳಿ, ಸಹಿ ಮಾಡಿದ ಪ್ರತಿಯಲ್ಲಿ ಜುಲೈ 1 ಒಪ್ಪಿದರೆ ಎರಡು ಕಾಗದ ಎರಡು ಕಥೆ ಹೇಳುತ್ತವೆ. ನಮ್ಮಲ್ಲಿ ಒಮ್ಮೆ ಹಾಗೇ ಆಗಿ, ಸಂಬಳ ವಿಭಾಗದವರು ಸಹಿ ಮಾಡಿದ ಪ್ರತಿ ಮಾತ್ರ ನೋಡಿ, ಆ ಹುಡುಗ "ಬರಲಿಲ್ಲ" ಅಂತ ಗುರುತು ಹಾಕಿಬಿಟ್ಟಿದ್ದರು. ಅವನ ಪತ್ರ ಇನ್ನೊಂದು ಫೈಲಿನಲ್ಲಿ ಹಾಯಾಗಿ ಮಲಗಿತ್ತು.

ತಾರೀಕಿನ ಪಕ್ಕದಲ್ಲೇ ಪೆನ್ನಿನಲ್ಲಿ "ಸೇರುವ ದಿನದ ಬಗ್ಗೆ 09-06-2026ರ ನನ್ನ ಪತ್ರ ನೋಡಿ" ಅಂತ ಬರೆದು, ಅಲ್ಲಿ ಚಿಕ್ಕ ಸಹಿ ಹಾಕಿ. ಅಚ್ಚಾದ ತಾರೀಕನ್ನು ನೀವೇ ಹೊಡೆದುಹಾಕಬೇಡಿ. ಅದು ಅವರ ಕಾಗದ.

ಆಟಿಯಲ್ಲಿ ಹೊಸ ಕೆಲಸಕ್ಕೆ ಸೇರಬಾರದು ಅಂತ ಅಮ್ಮ ಹಠ ಹಿಡಿದಿದ್ದಾರೆ. ಪತ್ರದಲ್ಲಿ ಎಂತ ಬರೀಲಿ?

ನಮ್ಮ ಕಡೆ ಇದು ಇದ್ದದ್ದೇ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ತುಳುವರ ಆಟಿ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸತು ಏನೂ ಶುರು ಮಾಡುವುದಿಲ್ಲ. ಮುಂದಿನ ತಿಂಗಳು ಸೋಣ ಬರಲಿ ಅನ್ನುತ್ತಾರೆ. ನಿಜ ಹೇಳುವುದಾದರೆ, ಅವಳಿಗೆ ಆಗಸ್ಟ್ 17 ಸರಿ ಅನ್ನಿಸಿದ್ದರಲ್ಲಿ ಅಮ್ಮನ ಪಾಲೂ ಇತ್ತು.

ಪತ್ರದಲ್ಲಿ ಬರೆಯುವುದು ಬೇಡ ಅಂತ ನನ್ನ ಅಭಿಪ್ರಾಯ. ಓದುವವರು ಊರಿನವರಾದರೆ ನಗುತ್ತಾ ಒಪ್ಪಬಹುದು. ಆದರೆ ಅದೇ ಪತ್ರ ಬೆಂಗಳೂರಿನ ಮುಖ್ಯ ಕಚೇರಿಗೆ ಹೋದರೆ ಅಲ್ಲಿ ಆಟಿ ಯಾರಿಗೆ ಗೊತ್ತು? ಹಾಗಂತ ಇಲ್ಲದ ಕಾರಣ ಹುಟ್ಟಿಸಲೂಬೇಡಿ. ಇರುವ ಕಾರಣಗಳಲ್ಲಿ ಕಚೇರಿಗೆ ಸಂಬಂಧಪಟ್ಟದ್ದನ್ನು ಮಾತ್ರ ಬರೆಯಿರಿ. ನೋಟಿಸ್ ನಿಜ, ಮನೆ ಬದಲಿಸುವುದು ನಿಜ, ಅಷ್ಟು ಸಾಕು. ಆಟಿ ಒಂದೇ ಕಾರಣ ಅಂತಾದರೆ ಫೋನ್‌ನಲ್ಲಿ ಬಾಯಿಬಿಟ್ಟು ಹೇಳಿ ನೋಡಿ. ಇಲ್ಲ ಅಂದರೆ ಅಮ್ಮನನ್ನೇ ಒಪ್ಪಿಸಬೇಕು, ಬೇರೆ ದಾರಿ ಇಲ್ಲ ಮಾರಾಯ್ರೆ.

ಮನೆಯ ಮದುವೆ, ಕುಟುಂಬದ ದೈವದ ನೇಮ, ಆಸ್ಪತ್ರೆ ಇಂಥವಕ್ಕೆ ಒಂದು ಸಾಲು ಬರೆಯಬಹುದು. ಎರಡು ಮೂರು ದಿನದ ಕೆಲಸಕ್ಕೆ ಸೇರುವುದನ್ನೇ ಮುಂದೆ ಹಾಕುವ ಬದಲು, ಸೇರಿದ ಮೇಲೆ ಆ ದಿನಗಳಿಗೆ ರಜೆ ಬೇಕು ಅಂತ ಈಗಲೇ ಹೇಳಿಡುವುದು ಎಷ್ಟೋ ಸಲ ಸುಲಭ.

ಕನ್ನಡದಲ್ಲೇ ಬರೆದ್ರೆ ನಡೀತದಾ?

ಆಫರ್ ಯಾವ ಭಾಷೆಯಲ್ಲಿ ಬಂತೋ ಅದೇ ಭಾಷೆಯಲ್ಲಿ ಉತ್ತರ ಕೊಡಿ. ಸಂಘದ ಪತ್ರ ಕನ್ನಡದಲ್ಲಿತ್ತು, ಅವಳೂ ಕನ್ನಡದಲ್ಲೇ ಬರೆದಳು. ಮೇಲ್ ಬಂದಿದ್ದರೆ ಹೊಸ ಮೇಲ್ ಶುರು ಮಾಡದೆ ಅದಕ್ಕೇ ಉತ್ತರಿಸಿ.

## ಪತ್ರ ಹೋದ ಮೇಲೆ

ಅವರು ನಡುವಿನ ದಿನ ಹೇಳ್ತಿದ್ದಾರೆ, "ಆಗಸ್ಟ್ 3ಕ್ಕೆ ಬನ್ನಿ" ಅಂತ. ಎಂತ ಮಾಡುವುದು?

ಸಂಘದವರೂ ಮೊದಲು ಹೀಗೇ ಕೇಳಿದ್ದರು. ಆಗ ಲೆಕ್ಕ ಹಾಕಿದೆವು. ನೋಟಿಸ್ ಮುಗಿಯುವುದು ಆಗಸ್ಟ್ 11ಕ್ಕೆ. 3ಕ್ಕೆ ಸೇರಬೇಕಾದರೆ 2ಕ್ಕೆ ಬಿಡುಗಡೆ ಬೇಕು. ಕಡಿಮೆ ಬೀಳುವುದು 9 ದಿನ.

ಆ 9 ದಿನ ತುಂಬಲು ಸಾಮಾನ್ಯವಾಗಿ ಎರಡು ದಾರಿ. ಒಂದು, ಉಳಿದಿರುವ ಗಳಿಕೆ ರಜೆಯನ್ನು ನೋಟಿಸ್‌ಗೆ ಹೊಂದಿಸುವುದು. ಎಲ್ಲ ಕಚೇರಿಯೂ ಇದಕ್ಕೆ ಒಪ್ಪುವುದಿಲ್ಲ. ಅವಳ ಕಚೇರಿ ಒಪ್ಪಲಿಲ್ಲ. ಇನ್ನೊಂದು, ಆ ದಿನಗಳ ಸಂಬಳ ಕಟ್ಟಿ ಬಿಡುಗಡೆ ಪಡೆಯುವುದು. ಇಲ್ಲಿ ಕೇಳಬೇಕಾದ ಪ್ರಶ್ನೆ ಯಾವ ಸಂಬಳ ಅನ್ನುವುದು. ಅವಳ ಒಟ್ಟು ಸಂಬಳ ತಿಂಗಳಿಗೆ 24,000 ರೂಪಾಯಿ, ಮೂಲ ವೇತನ 12,000. ಒಟ್ಟು ಸಂಬಳದ ಮೇಲೆ ಆದರೆ ದಿನಕ್ಕೆ 800, ಒಂಬತ್ತು ದಿನಕ್ಕೆ 7,200. ಮೂಲ ವೇತನದ ಮೇಲೆ ಆದರೆ 3,600. ನೇಮಕಾತಿ ಪತ್ರದಲ್ಲಿ ಏನಿದೆಯೋ ಅದೇ ಲೆಕ್ಕ. ಈ ಮೊತ್ತದ ಮೇಲೆ ಜಿಎಸ್‌ಟಿ ಅಂತ ಸೇರಿಸಿ ಕೇಳಿದರೆ ಕೊಡಬೇಕಾಗಿಲ್ಲ. ನೋಟಿಸ್ ಬದಲಿಗೆ ಹಿಡಿಯುವ ಹಣಕ್ಕೆ ಜಿಎಸ್‌ಟಿ ಇಲ್ಲ ಅಂತ 2022ರ ಆಗಸ್ಟ್‌ನ ಕೇಂದ್ರದ ಸುತ್ತೋಲೆಯಲ್ಲಿ ಹೇಳಿದೆ.

ಈ ಹಣವನ್ನು ಹೊಸ ಕಚೇರಿ ತುಂಬಿಕೊಡುತ್ತದಾ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಅವಸರ ಅವರದ್ದು ತಾನೇ? ಅವಳು ಕೇಳಿದಳು. "ಹಾಗಾದ್ರೆ 17ಕ್ಕೇ ಬನ್ನಿ" ಅಂದರು!

ಫೋನ್‌ನಲ್ಲಿ ಸರಿ ಅಂದ್ರು, ಆದ್ರೆ ಲಿಖಿತ ಉತ್ತರವೇ ಬರ್ಲಿಲ್ಲ.

ನೀವೇ ಬರೆಯಿರಿ. "ಈ ದಿನ ಬೆಳಿಗ್ಗೆ ಫೋನ್‌ನಲ್ಲಿ ತಿಳಿಸಿದಂತೆ ಆಗಸ್ಟ್ 17ರಂದು ಹಾಜರಾಗಲು ಒಪ್ಪಿಗೆ ಕೊಟ್ಟಿದ್ದಕ್ಕೆ ಧನ್ಯವಾದಗಳು. ಇದನ್ನು ಖಚಿತಪಡಿಸಿ ಒಂದು ಸಾಲು ಉತ್ತರಿಸಿದರೆ ರಾಜೀನಾಮೆ ಸಲ್ಲಿಸುತ್ತೇನೆ." ಉದ್ದ ಪತ್ರ ಬರೆಯಲು ಹಿಂಜರಿಯುವವರೂ "ಸರಿ" ಅಂತ ಒಂದು ಶಬ್ದ ಟೈಪ್ ಮಾಡುತ್ತಾರೆ. ಆ ಒಂದು ಶಬ್ದವೂ ಸಾಕು. ತಿದ್ದಿದ ಆಫರ್ ಪತ್ರ ಕೊಟ್ಟರೆ ಇನ್ನೂ ಒಳ್ಳೆಯದು.

ಗಡುವು ಜೂನ್ 13 ಅಂತಿದ್ದು 12ರ ಸಂಜೆಯವರೆಗೂ ಸದ್ದಿಲ್ಲ ಅಂತಾದರೆ ಮತ್ತೆ ಫೋನ್ ಮಾಡಿ. ಕಾಯುತ್ತಾ ಕೂತರೆ ಗಡುವಿನ ಜೊತೆ ಆಫರ್ ಕೂಡ ಮುಗಿಯಬಹುದು.

ಸರ್ಕಾರಿ ಕೆಲಸಕ್ಕೂ ಇದೇ ಪತ್ರ ಆಗ್ತದಾ?

ಆಗುವುದಿಲ್ಲ. ಅಲ್ಲಿ ನೇಮಕಾತಿ ಆದೇಶದಲ್ಲೇ ಎಷ್ಟು ದಿನದೊಳಗೆ ಹಾಜರಾಗಬೇಕು ಅಂತ ಇರುತ್ತದೆ. ಹೆಚ್ಚು ಸಮಯ ಬೇಕಾದರೆ ನೇಮಕ ಮಾಡಿದ ಅಧಿಕಾರಿಗೆ ಕಾರಣ ಮತ್ತು ದಾಖಲೆ ಸಮೇತ ಅರ್ಜಿ ಕೊಡಬೇಕು. ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ತಡವಾಗಿ ಸೇರಿದರೆ ಹಿರಿತನಕ್ಕೆ ಪೆಟ್ಟು ಬೀಳುತ್ತದಾ ಅಂತ ಅಲ್ಲೇ ಕೇಳಿ.

ಒಂದು ಸಲ ದಿನ ಮುಂದೆ ಹಾಕಿಸಿಕೊಂಡಾಯ್ತು. ಈಗ ಹಳೇ ಕಚೇರಿಯವರು ಬಿಡ್ತಾ ಇಲ್ಲ. ಎರಡನೇ ಸಲ ಕೇಳಬಹುದಾ?

ಎರಡನೇ ಸಲ ಕೇಳುವಾಗ ಬರೀ ಮಾತು ಸಾಕಾಗುವುದಿಲ್ಲ, ಪುರಾವೆ ಬೇಕು. ರಾಜೀನಾಮೆ ಸ್ವೀಕರಿಸಿದ ಮೇಲ್, ಅದರಲ್ಲಿರುವ ಕೊನೆಯ ದಿನ, ಈಗ ಅವರು ಮುಂದೆ ಹಾಕಿದ ಮೇಲ್, ಮೂರನ್ನೂ ಜೊತೆಗಿಟ್ಟು ಬರೆಯಿರಿ. ಹೊಸ ದಿನ ಅಂತ ಹಳೆಯ ಕಚೇರಿಯವರು ಕಾಗದದ ಮೇಲೆ ಕೊಟ್ಟ ತಾರೀಕಿನ ನಂತರದ್ದನ್ನೇ ಹೇಳಿ, ಆಸೆಯ ಮೇಲೆ ಹೇಳಬೇಡಿ.

ಬಾಕಿ ಇರುವುದು ರಿಲೀವಿಂಗ್ ಪತ್ರ ಮಾತ್ರ, ಕೆಲಸ ಮುಗಿದಿದೆ ಅಂತಾದರೆ ದಿನ ಮುಂದೆ ಹಾಕುವ ಅಗತ್ಯವೇ ಇಲ್ಲದಿರಬಹುದು. ರಾಜೀನಾಮೆ ಸ್ವೀಕರಿಸಿದ ಮೇಲ್ ತೋರಿಸಿ, ರಿಲೀವಿಂಗ್ ಪತ್ರವನ್ನು ಇಂಥ ದಿನದೊಳಗೆ ತರುತ್ತೇನೆ ಅಂತ ಬರೆದುಕೊಟ್ಟರೆ ನಾವು ಸೇರಿಸಿಕೊಳ್ಳುತ್ತಿದ್ದೆವು. ಅವಳದ್ದೂ ಹಾಗೇ ಆಗುವ ಸೂಚನೆ ಕಂಡು, ಜುಲೈ ಕೊನೆಯ ವಾರದಲ್ಲೇ ಹಳೆಯ ಕಚೇರಿಗೆ ಒಂದು ನೆನಪಿನ ಮೇಲ್ ಹಾಕಿಸಿದೆ. ಕಾಗದ ಆಗಸ್ಟ್ 13ಕ್ಕೆ ಕೈಗೆ ಬಂತು, ಸೇರಲು ನಾಲ್ಕು ದಿನ ಇರುವಾಗ.